ಬೀಗದ ಕೈ ಕೊಡುವ ಮುನ್ನ ಮನೆಯೊಳಗಿನ ಮಹಜರು

ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಒಂದು ಚೀಲ ಕೊಬ್ಬರಿ ಕೈ ಬದಲಾಯಿಸಬೇಕಾದರೂ ತೂಕದ ಚೀಟಿ ಬೇಕು. ರೈತ ತಂದದ್ದೆಷ್ಟು, ಕೌಟು ಎಷ್ಟು, ತೂಗಿದವರು ಯಾರು ಎಂಬುದೆಲ್ಲ ಕಾಗದದ ಮೇಲೆ ಇರುತ್ತದೆ. ಅದೇ ಊರಿನಲ್ಲಿ ಸೋಫಾ, ಮಂಚ, ಫ್ರಿಜ್ಜು, ಗೀಸರು ಸಮೇತ ಲಕ್ಷಗಟ್ಟಲೆ ಬೆಲೆಯ ಸಾಮಾನು ತುಂಬಿದ ಮನೆಯನ್ನು ಬಾಡಿಗೆಗೆ ಕೊಡುವಾಗ ಮಾತ್ರ, ‘ಎಲ್ಲಾ ಇದೆ ನೋಡ್ಕೊಳ್ಳಿ ಸಾರ್, ನಿಮ್ಮ ಮನೆ ಅಂದ್ಕೊಳ್ಳಿ’ ಎಂಬ ಒಂದೇ ಮಾತಿನಲ್ಲಿ ವ್ಯವಹಾರ ಮುಗಿದುಹೋಗುತ್ತದೆ!

ಮಾತಿನಲ್ಲಿ ಮುಗಿದದ್ದು ಮಾತಿನಲ್ಲೇ ಮತ್ತೆ ಶುರುವಾಗುತ್ತದೆ. ಮನೆ ಖಾಲಿ ಮಾಡುವ ದಿನ ಲಾರಿ ಬಾಗಿಲಿಗೆ ಬಂದು ನಿಂತಿರುತ್ತದೆ. ಯಜಮಾನರು ಸೋಫಾದ ಮೇಲೆ ಕೈಯಾಡಿಸಿ, ‘ಇದು ಹರಿದಿರಲಿಲ್ಲವಲ್ಲಾ’ ಎನ್ನುತ್ತಾರೆ. ಬಾಡಿಗೆದಾರರು, ‘ನಾವು ಬಂದಾಗ್ಲೇ ಹಂಗೇ ಇತ್ತು ಯಜಮಾನ್ರೇ’ ಎನ್ನುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಒಬ್ಬರು ಸೋಫಾ ಕೊಂಡ ದಿನವನ್ನು ನೆನಪಿಟ್ಟುಕೊಂಡಿರುತ್ತಾರೆ, ಇನ್ನೊಬ್ಬರು ತಾವು ಅದರ ಮೇಲೆ ಮೊದಲು ಕೂತ ದಿನವನ್ನು. ನಡುವೆ ಸಿಕ್ಕಿಕೊಳ್ಳುವುದು ಅಡ್ವಾನ್ಸು.

ಹಿಂದೆ ಈ ಕಡೆ ಬಾಡಿಗೆ ಮನೆ ಎಂದರೆ ನಾಲ್ಕು ಗೋಡೆ, ಒಂದು ಬಾಗಿಲು. ಈಗ ಹಾಗಿಲ್ಲ. ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿ ನೆಲೆಸಿದ ಮೇಲೆ, ಅವರಿಗಾಗಿ ಕಟ್ಟಿದ ಮಹಡಿ ಮನೆಯನ್ನು ಸಾಮಾನು ಸಮೇತ ಬಾಡಿಗೆಗೆ ಬಿಡುವವರಿದ್ದಾರೆ. ವರ್ಗವಾಗಿ ಬಂದ ಬ್ಯಾಂಕಿನವರು, ಡಾಕ್ಟರುಗಳು, ಕಾಲೇಜಿನ ಮೇಷ್ಟ್ರುಗಳಿಗೂ ಅದೇ ಅನುಕೂಲ. ಎರಡು ವರ್ಷದ ಮಾತಿಗೆ ಮಂಚ, ಬೀರು ಹೊತ್ತುಕೊಂಡು ತಿರುಗುವುದು ಯಾರಿಗೆ ಬೇಕು? ತುರುವೇಕೆರೆ, ಚಿಕ್ಕನಾಯಕನಹಳ್ಳಿಯಲ್ಲೂ ಇಂಥ ಮನೆ ಕೇಳುವವರು ಇಲ್ಲದಿಲ್ಲ. ಆದರೆ ಸಾಮಾನು ಸಮೇತ ಮನೆ ಕೊಟ್ಟರೆ ಅಲ್ಲಿ ಎರಡು ವ್ಯವಹಾರ ನಡೆದಂತೆ ಲೆಕ್ಕ. ಗೋಡೆಗೆ ಒಂದು, ಗೋಡೆಯೊಳಗಿನ ಸಾಮಾನಿಗೆ ಇನ್ನೊಂದು. ಕರಾರುಪತ್ರದಲ್ಲಿ ಮೊದಲನೆಯದಕ್ಕೆ ನಾಲ್ಕು ಪುಟ ಇದ್ದರೆ, ಎರಡನೆಯದಕ್ಕೆ ‘ಪೀಠೋಪಕರಣಗಳು ಸೇರಿದಂತೆ’ ಎಂಬ ಎರಡೇ ಪದ.

ಆ ಎರಡು ಪದವನ್ನು ಬಿಡಿಸಿ ಬರೆಯುವುದೇ ಸಾಮಾನಿನ ಪಟ್ಟಿ. ಪೊಲೀಸರು ಮಾಡುವ ಮಹಜರು ಗೊತ್ತಲ್ಲ? ಜಾಗಕ್ಕೆ ಹೋಗಿ, ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಬರೆದು, ಪಂಚರ ರುಜು ತೆಗೆದುಕೊಳ್ಳುವುದು. ಇದೂ ಅದೇ. ಊಹೆ ಬೇಡ, ಹೊಗಳಿಕೆಯೂ ಬೇಡ.

‘ಚೆನ್ನಾಗಿದೆ’ ಎಂಬ ಕೆಟ್ಟ ಪದ

ಪಟ್ಟಿ ಬರೆದವರೂ ಸೋಲುವುದು ಒಂದು ಪದದಿಂದ. ಅದು ‘ಚೆನ್ನಾಗಿದೆ’. ‘ಸೋಫಾ 1 – ಚೆನ್ನಾಗಿದೆ. ಫ್ರಿಜ್ 1 – ಚೆನ್ನಾಗಿದೆ. ಮಂಚ 2 – ಚೆನ್ನಾಗಿದೆ.’ ಹೀಗೆ ಬರೆದ ಪಟ್ಟಿ ಯಜಮಾನರಿಗೂ ಕೆಲಸಕ್ಕೆ ಬಾರದು, ಬಾಡಿಗೆದಾರರಿಗಂತೂ ಕುತ್ತು. ಎರಡು ವರ್ಷದ ಮೇಲೆ ಸೋಫಾದಲ್ಲಿ ಏನೇ ಊನ ಕಂಡರೂ ‘ಚೆನ್ನಾಗಿದೆ ಅಂತ ನೀವೇ ರುಜು ಹಾಕಿದ್ದೀರಲ್ಲ’ ಎಂಬ ಮಾತು ಬರುತ್ತದೆ.

ಅದರ ಬದಲು ಪ್ರತಿ ಸಾಮಾನಿಗೂ ನಾಲ್ಕು ಪ್ರಶ್ನೆಗೆ ಉತ್ತರ ಬರೆದರೆ ಸಾಕು. ಏನು, ಎಷ್ಟು? ಯಾವ ಗುರುತು? ಏನು ಊನ, ಎಲ್ಲಿ? ಚಾಲೂ ಮಾಡಿ ನೋಡಿದಾಗ ಏನಾಯಿತು? ಸೋಫಾಗೆ ಈ ಲೆಕ್ಕದಲ್ಲಿ ಬರೆದರೆ ಹೀಗಾಗುತ್ತದೆ: ‘ಸೋಫಾ 3+1+1, ಮರದ ಚೌಕಟ್ಟು, ಕಂದು ರೆಕ್ಸಿನ್. ಮೂರು ಸೀಟಿನ ಸೋಫಾದ ಎಡಗೈ ಮೇಲೆ 2 ಇಂಚು ಹರಿದಿದೆ. ನಡು ಮೆತ್ತೆ ತಗ್ಗಿದೆ. ಒಂಟಿ ಸೋಫಾ ಒಂದರ ಹಿಂಗಾಲು ಅಲ್ಲಾಡುತ್ತದೆ.’ ಬರೆಯಲು ಒಂದು ನಿಮಿಷ ಹೆಚ್ಚಿಗೆ ಹಿಡಿಯಬಹುದು. ಆದರೆ ಎರಡು ವರ್ಷದ ಮೇಲೂ ಈ ಸಾಲಿಗೆ ಎರಡು ಅರ್ಥ ಮಾಡಲು ಬರುವುದಿಲ್ಲ.

ಗೊತ್ತಿಲ್ಲದ್ದನ್ನು ಬರೆಯಬಾರದು ಎಂಬುದೂ ಮುಖ್ಯ. ‘ತೇಗದ ಮಂಚ’ ಎಂದು ಬರೆದು, ಹೋಗುವಾಗ ಅದು ಮೇಲೆ ಹಾಳೆ ಅಂಟಿಸಿದ ಹಲಗೆ ಎಂದು ತಿಳಿದರೆ, ‘ತೇಗದ್ದನ್ನು ಬದಲಾಯಿಸಿಬಿಟ್ಟಿರಿ’ ಎಂಬ ಆರೋಪಕ್ಕೂ ದಾರಿಯಾಗುತ್ತದೆ. ‘ಮರದ ಬಣ್ಣದ ಮಂಚ, 6 ಅಡಿಗೆ 5 ಅಡಿ’ ಎಂದರೆ ಯಾರಿಗೂ ಮೋಸವಿಲ್ಲ.

ಯಾವಾಗ, ಎಲ್ಲಿಂದ ಶುರು

ಪಟ್ಟಿ ಮಾಡಬೇಕಾದ್ದು ಬಾಡಿಗೆದಾರರ ಸಾಮಾನು ಒಳಗೆ ಬರುವ ಮುಂಚೆ, ಹಗಲು ಬೆಳಕಿನಲ್ಲಿ, ಇಬ್ಬರೂ ಎದುರಿಗಿದ್ದು. ರಾತ್ರಿ ದೀಪದಲ್ಲಿ ಗೋಡೆಯ ಒದ್ದೆಯೂ ಕಾಣದು, ಬೀರುವಿನ ತುಕ್ಕೂ ಕಾಣದು. ಎರಡು ರೂಮಿನ ಮನೆಗೆ ಎರಡರಿಂದ ಮೂರು ಗಂಟೆ ಬಿಡುವು ಮಾಡಿಕೊಳ್ಳಬೇಕು. ಒಬ್ಬರು ಮುಟ್ಟಿ ನೋಡಿ ಹೇಳುವುದು, ಇನ್ನೊಬ್ಬರು ಬರೆಯುವುದು.

ರೂಮಿಗೆ ಒಂದು ಹಾಳೆ. ಬಾಗಿಲಲ್ಲಿ ನಿಂತು ಎಡಗಡೆಯಿಂದ ಶುರು ಮಾಡಿ, ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿದ ಹಾಗೆ ಗೋಡೆಗುಂಟ ಸುತ್ತಿ ಮತ್ತೆ ಬಾಗಿಲಿಗೆ ಬರುವುದು. ಕೊನೆಗೆ ನಡುವೆ ಇರುವುದು, ಆಮೇಲೆ ತಲೆ ಎತ್ತಿ ಫ್ಯಾನು, ದೀಪ. ಕಂಡ ಕಂಡ ಹಾಗೆ ಬರೆಯಲು ಹೋದರೆ ದೊಡ್ಡವು ಸಿಗುತ್ತವೆ, ಚಿಕ್ಕವು ತಪ್ಪುತ್ತವೆ. ಜಗಳ ಹುಟ್ಟುವುದೋ ರಿಮೋಟು, ಫ್ರಿಜ್ಜಿನ ಟ್ರೇ, ಬೀರುವಿನ ಒಳ ಬೀಗದ ಕೈ ಇಂಥ ಚಿಕ್ಕವುಗಳಿಂದಲೇ.

ಒಳಗೆ ಕಾಲಿಟ್ಟ ಕೂಡಲೇ ಮಾಡಬೇಕಾದ ಕೆಲಸ ಒಂದಿದೆ. ಫ್ರಿಜ್ಜು ಚಾಲೂ ಇದ್ದರೆ, ಅದರ ಮೇಲಿನ ಖಾನೆಯಲ್ಲಿ ಒಂದು ಲೋಟ ನೀರಿಟ್ಟು ಬಾಗಿಲು ಹಾಕಬೇಕು. ಆಫ್ ಆಗಿದ್ದರೆ ಹಿಂದಿನ ದಿನವೇ ಹಾಕಿಡಲು ಹೇಳಿರಬೇಕು. ಪಟ್ಟಿ ಮುಗಿಯುವ ಹೊತ್ತಿಗೆ ನೀರು ಅಂಚಿನಲ್ಲಾದರೂ ಗಟ್ಟಿಯಾಗುತ್ತಿದೆಯೋ ಇಲ್ಲವೋ ಅದೇ ಹೇಳುತ್ತದೆ. ಫ್ರಿಜ್ಜಿನೊಳಗೆ ದೀಪ ಹತ್ತಿತು ಎಂದರೆ ಫ್ರಿಜ್ಜು ಕೆಲಸ ಮಾಡುತ್ತಿದೆ ಎಂದು ಅರ್ಥವಲ್ಲ!

ಒಂದು ಮಾದರಿ ಮನೆ

ಮಾದರಿಗೆ ತಿಪಟೂರಿನ ಒಂದು ಮಹಡಿ ಮನೆ ಎಂದಿಟ್ಟುಕೊಳ್ಳಿ. ಹಜಾರ, ಎರಡು ರೂಮು, ಅಡುಗೆಮನೆ, ಬಚ್ಚಲು. ಬಾಡಿಗೆ ತಿಂಗಳಿಗೆ 11,000 ರೂಪಾಯಿ, ಅಡ್ವಾನ್ಸು 60,000. ಬರುವವರು ಬ್ಯಾಂಕಿನ ಅಧಿಕಾರಿ ದಂಪತಿ.

ಹಜಾರದಲ್ಲಿ ಸೋಫಾ ಆಯಿತು. ಮುಂದಿನದು ಮರದ ಟೀಪಾಯಿ. ಅದನ್ನು ಮಗುಚಿ ನೋಡಬೇಕು. ಕಾಲಿನಲ್ಲಿ ಗುಂಡುಸೂಜಿಯಷ್ಟು ತೂತುಗಳಿದ್ದರೆ ಕುಟ್ಟೆ ಹುಳ ಬಿದ್ದಿತ್ತು ಎಂದರ್ಥ. ಈಗಲೂ ಇದೆಯೇ? ಅದನ್ನು ತಿಳಿಯುವುದು ಸುಲಭ. ತೂತಿನ ಸುತ್ತ ಒರೆಸಿ, ಕೆಳಗೆ ಹಳೆಯ ಪೇಪರು ಹಾಸಿ ಕೆಲವು ದಿನ ಬಿಡಬೇಕು. ಪೇಪರಿನ ಮೇಲೆ ಮತ್ತೆ ಹಿಟ್ಟಿನಂಥ ಪುಡಿ ಬಿದ್ದರೆ ಹುಳ ಒಳಗೇ ಇರುವುದು ಬಹುತೇಕ ಖಚಿತ. ಪಟ್ಟಿಯ ದಿನ ಇದು ಮುಗಿಯುವ ಕೆಲಸವಲ್ಲ. ಅದಕ್ಕೇ ಹಾಳೆಯಲ್ಲಿ ‘ಟೀಪಾಯಿ ಕಾಲಿನಲ್ಲಿ 6 ತೂತು, ಪುಡಿ ಪರೀಕ್ಷೆಗೆ ಇಟ್ಟಿದೆ’ ಎಂದು ಬರೆದು ಬಿಡುವುದು.

ಮೂಲೆಯಲ್ಲಿ ಇನ್ವರ್ಟರು. ಇದನ್ನು ‘ಇನ್ವರ್ಟರ್ 1’ ಎಂದು ಬರೆದರೆ ಆಗಲಿಲ್ಲ. ಯಂತ್ರ ಬೇರೆ, ಬ್ಯಾಟರಿ ಬೇರೆ. ಎರಡಕ್ಕೂ ಬೇರೆ ನಂಬರು, ಬೇರೆ ವಯಸ್ಸು. ಬ್ಯಾಟರಿಯ ವಾರಂಟಿ ಕಾರ್ಡಿನಲ್ಲಿ ಕೊಂಡ ತಾರೀಖು ಇರುತ್ತದೆ, ಅದನ್ನು ನೋಡಿ ಬರೆಯಬೇಕು. ಆಮೇಲೆ ಮೇನ್ ಆಫ್ ಮಾಡಿ, ಒಂದು ಫ್ಯಾನು, ಎರಡು ದೀಪ ಹಾಕಿ ಅರ್ಧ ಗಂಟೆ ಬಿಡಬೇಕು. ಮುದಿ ಬ್ಯಾಟರಿ ಐದು ನಿಮಿಷ ಜೋರಾಗಿ ಓಡಿ ಆಮೇಲೆ ಕೀ ಕೀ ಎನ್ನುತ್ತದೆ. ಎರಡು ನಿಮಿಷ ನೋಡಿ ‘ವರ್ಕಿಂಗ್’ ಎಂದು ಬರೆದವರು ಮೋಸ ಹೋಗುವುದು ಇಲ್ಲೇ. ಬ್ಯಾಟರಿಗೆ ನೀರು ಹಾಕುವವರು ಯಾರು ಎಂಬುದನ್ನೂ ಅದೇ ಸಾಲಿನಲ್ಲಿ ಬರೆದಿಟ್ಟರೆ ಒಳ್ಳೆಯದು. ನೀರು ಒಣಗಿ ಬ್ಯಾಟರಿ ಹೋದರೆ ಹೊಣೆ ಯಾರದೆಂಬ ಪ್ರಶ್ನೆ ಬಂದೇ ಬರುತ್ತದೆ.

ಮಲಗುವ ರೂಮಿನಲ್ಲಿ ಮಂಚಕ್ಕಿಂತ ಹಾಸಿಗೆಯ ತಕರಾರು ಜಾಸ್ತಿ. ಹೊದಿಕೆ ತೆಗೆದು, ಹಾಸಿಗೆ ಎತ್ತಿ, ಎರಡೂ ಮಗ್ಗುಲು ನೋಡಬೇಕು. ಇದು ನಾಚಿಕೆಯ ಕೆಲಸವಲ್ಲ. ಕಲೆ ಇದ್ದರೆ ಎಲ್ಲಿ, ಎಷ್ಟು ಅಗಲ ಎಂದು ಬರೆದು ಫೋಟೋ ತೆಗೆಯುವುದು. ಹಾಸಿಗೆ ಕೊಂಡ ವರ್ಷ, ಕೊಂಡ ಬೆಲೆ ಯಜಮಾನರಿಗೆ ಗೊತ್ತಿದ್ದರೆ ಅದನ್ನೂ ಹಾಕಬೇಕು. ಆ ಎರಡು ಅಂಕಿಯೇ ಮುಂದೆ ಲೆಕ್ಕಕ್ಕೆ ಬರುವುದು.

ಕಬ್ಬಿಣದ ಬೀರುವಿಗೆ ಎಷ್ಟು ಬೀಗದ ಕೈ? ಹೊರಗಿನದಕ್ಕೆ ಎರಡು, ಒಳಗಿನ ಲಾಕರಿಗೆ ಎರಡು ಇರಬೇಕಾದ್ದು. ಒಂದೊಂದೇ ಇದ್ದರೆ ‘ಒಂದೊಂದು ಮಾತ್ರ ಕೊಟ್ಟಿದೆ’ ಎಂದು ಬರೆಯಬೇಕು. ಹಾಕಿ ತೆಗೆದು ನೋಡಬೇಕು. ಮನೆಯ ಎಲ್ಲ ಬೀಗದ ಕೈಗಳಿಗೂ ಕೊನೆಯಲ್ಲಿ ಒಂದು ಪ್ರತ್ಯೇಕ ಹಾಳೆ ಮಾಡುವುದೇ ಒಳ್ಳೆಯದು.

ಅಡುಗೆಮನೆ, ಬಚ್ಚಲು

ಅಡುಗೆಮನೆಗೆ ಬಂದರೆ ಮೊದಲು ಗ್ಯಾಸು. ಒಲೆ ಯಜಮಾನರದ್ದು, ಅದು ಪಟ್ಟಿಗೆ ಬರಲಿ. ಎಷ್ಟು ಬರ್ನರು, ಮೇಲಿನ ಗಾಜು ಬಿರಿದಿದೆಯೇ, ನಾಬ್ ಎಲ್ಲ ಇವೆಯೇ ಎಂದು ಬರೆಯಬಹುದು. ಆದರೆ ಸಿಲಿಂಡರು, ರೆಗ್ಯುಲೇಟರು ಯಜಮಾನರ ಸ್ವಂತ ಆಸ್ತಿಯಲ್ಲ. ಡಿಪಾಜಿಟ್ ಇಟ್ಟುಕೊಂಡು ಆಯಿಲ್ ಕಂಪನಿ ಅವರ ಹೆಸರಿಗೆ ಕೊಟ್ಟಿರುವುದು ಅಷ್ಟೇ. ಮಂಚ ಬೀರುವಿನ ಜತೆ ಅದನ್ನೂ ಬಾಡಿಗೆಗೆ ಸೇರಿಸಲು ಬರುವುದಿಲ್ಲ. ಬಾಡಿಗೆದಾರರು ತಮ್ಮ ಹೆಸರಿನ ಕನೆಕ್ಷನ್ ತಂದುಕೊಳ್ಳುವುದೇ ನೇರವಾದ ದಾರಿ. ರಬ್ಬರ್ ಪೈಪಿನ ಮೇಲೆ ಇಸವಿ ಅಚ್ಚಾಗಿರುತ್ತದೆ. ಐದು ವರ್ಷ ದಾಟಿದ್ದರೆ ಪಟ್ಟಿಗೆ ಹಾಕುವ ಬದಲು ಬದಲಾಯಿಸಿಯೇ ಮುಂದಕ್ಕೆ ಹೋಗಬೇಕು.

ಮಿಕ್ಸಿಗೆ ಎಷ್ಟು ಜಾರು? ಪ್ರತಿ ಜಾರಿಗೂ ಅರ್ಧ ನೀರು ಹಾಕಿ ಹತ್ತು ಸೆಕೆಂಡು ತಿರುಗಿಸಿ, ತಳ ಒರೆಸಿ ನೋಡಬೇಕು. ತಳದಲ್ಲಿ ನೀರು ಜಿನುಗಿದರೆ ವಾಷರು ಹೋಗಿದೆ. ಕಾಯಿ ಚಟ್ನಿ ಇಲ್ಲದೆ ದಿನ ಕಳೆಯದ ಸೀಮೆಯಲ್ಲಿ ಮಿಕ್ಸಿಯೇ ಮೊದಲು ಸವೆಯುವ ಸಾಮಾನು, ನೆನಪಿರಲಿ.

ಫ್ರಿಜ್ಜಿನ ಕಂಪನಿ, ಲೀಟರು, ಸೀರಿಯಲ್ ನಂಬರು ಸಾಮಾನ್ಯವಾಗಿ ಒಳಗೋಡೆಯಲ್ಲೋ ಹಿಂಬದಿಯಲ್ಲೋ ಅಂಟಿಸಿದ ಚೀಟಿಯಲ್ಲಿರುತ್ತದೆ. ಒಳಗಿನ ಗಾಜಿನ ತಟ್ಟೆ, ತರಕಾರಿ ಟ್ರೇ, ಬಾಗಿಲಿನ ಖಾನೆ ಒಂದೊಂದನ್ನೂ ಎಣಿಸಬೇಕು. ಬಾಗಿಲಿನ ರಬ್ಬರು ನೋಡಲು ಒಂದು ಕಾಗದದ ಚೂರು ಸಾಕು. ಚೂರನ್ನು ನಡುವೆ ಇಟ್ಟು ಬಾಗಿಲು ಹಾಕಿ ಎಳೆದಾಗ ಬಿಗಿ ಇಲ್ಲದೆ ಜಾರಿ ಬಂದರೆ ರಬ್ಬರು ಸಡಿಲ. ನಾಲ್ಕೂ ಕಡೆ ಹೀಗೆ ನೋಡಬೇಕು. ಸಡಿಲವಿದ್ದ ಕಡೆ ತಣುಪು ಸೋರಿ ಕರೆಂಟ್ ಬಿಲ್ಲು ಏರುತ್ತದೆ. ಪಾತ್ರೆ ಪಗಡೆಯನ್ನು ಒಂದೊಂದೇ ಬರೆಯಬೇಕಿಲ್ಲ. ‘ಸ್ಟೀಲ್ ತಟ್ಟೆ 6, ಲೋಟ 12, ಕುಕ್ಕರ್ 2’ ಎಂದು ಗುಂಪಾಗಿ ಬರೆದರೆ ಸಾಕು.

ಬಚ್ಚಲಿನ ಗೀಸರು ಮಾತ್ರ ಹುಡುಗಾಟದ ಸಾಮಾನಲ್ಲ. ಲೀಟರು, ನಂಬರು ಬರೆದ ಮೇಲೆ ಹಾಕಿ ನೋಡಬೇಕು. 15 ಲೀಟರಿನದಾದರೆ ಕಾಲು ಗಂಟೆಯ ಸುಮಾರಿಗೆ ನೀರು ಬಿಸಿಯಾಗಬೇಕು, ಆಮೇಲೆ ತಾನಾಗಿ ದೀಪ ಆರಬೇಕು. ಬೋರ್‌ವೆಲ್ಲಿನ ಗಡಸು ನೀರಿನ ಊರುಗಳಲ್ಲಿ ಒಳಗಿನ ಕಾಯಿಲಿನ ಮೇಲೆ ಸುಣ್ಣದಂಥ ಪದರ ಕಟ್ಟುತ್ತದೆ. ನೀರು ಬಿಸಿಯಾಗಲು ತಡವಾಗುವುದು, ಕುದಿಯುವ ಪಾತ್ರೆಯ ಹಾಗೆ ಗೊರಗುಟ್ಟುವುದು ಅದರ ಲಕ್ಷಣ. ಅಂಥ ಗೀಸರಿನ ಕಾಯಿಲು ಸುಟ್ಟರೆ ಅದು ನೀರಿನ ಕೆಲಸ. ನಿನ್ನೆ ಮೊನ್ನೆ ಸ್ನಾನ ಮಾಡಿದವರ ತಪ್ಪಲ್ಲ.

ಮೀಟರ್ ಬೋರ್ಡಿನ ಹತ್ತಿರ ‘ಟಿ’ ಎಂಬ ಗುಂಡಿ ಇರುವ ಸ್ವಿಚ್ಚು ಇದ್ದರೆ ಅದನ್ನು ಒತ್ತಿ ನೋಡಬೇಕು. ಒತ್ತಿದ ಕೂಡಲೇ ಕರೆಂಟು ಕಡಿದರೆ ಶಾಕ್ ತಡೆಯುವ ಸ್ವಿಚ್ಚು ಬದುಕಿದೆ. ಕಡಿಯದಿದ್ದರೆ, ಅಂಥ ಸ್ವಿಚ್ಚೇ ಇಲ್ಲದಿದ್ದರೆ, ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡುವ ತನಕ ಗೀಸರು ಹಾಕಬಾರದು. ಅಲ್ಲೇ ಬೆಸ್ಕಾಂ ಮೀಟರಿನ ಅಂಕಿಯನ್ನೂ ಆರ್‌ಆರ್ ನಂಬರನ್ನೂ ಬರೆದುಕೊಂಡುಬಿಡಬೇಕು. ಹಳೇ ಬಾಕಿ ಯಾರದೆಂಬ ಜಗಳ ಅಲ್ಲಿಗೆ ಮುಗಿಯುತ್ತದೆ.

ಅಟ್ಟದ ಮೇಲಿನ ಕಾಯಿ

ಕಲ್ಪತರು ನಾಡಿನ ಮನೆಗೆ ಇರುವ ವಿಶೇಷ ಒಂದಿದೆ. ಬೆಂಗಳೂರಿನ ಕರಾರುಪತ್ರದ ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ. ಅದು ಅಟ್ಟ. ಗಿಟುಕು ಕೊಬ್ಬರಿ ಆಗಬೇಕಾದರೆ ಬಲಿತ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು, ಒಂದೊಂದು ಸಲ ವರ್ಷವೇ ಕೂರಬೇಕು. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಿಟುಕು ಗಟಗಟ ಅನ್ನಬೇಕು. ಹೀಗಾಗಿ ಮನೆ ಬಾಡಿಗೆಗೆ ಕೊಟ್ಟರೂ ಅಟ್ಟ ಖಾಲಿ ಮಾಡದ ಯಜಮಾನರಿರುತ್ತಾರೆ.

‘ಅದೊಂದ್ ಸ್ವಲ್ಪ ಕಾಯಿ ಐತೆ ಮೇಲೆ, ಇರ್ಲಿ ಬುಡಿ ಸಾರ್’ ಎಂದರೆ ಬಾಡಿಗೆದಾರರು ಸಂಕೋಚಕ್ಕೆ ಹೂಂ ಅನ್ನುತ್ತಾರೆ. ಆರು ತಿಂಗಳ ಮೇಲೆ ಎಣಿಕೆಯಲ್ಲಿ ಕಾಯಿ ಕಡಿಮೆ ಬಂದರೆ? ಇಲಿ ತಿಂದಿರಬಹುದು, ಕೊಳೆತಿರಬಹುದು, ಮೊದಲ ಎಣಿಕೆಯೇ ತಪ್ಪಿರಬಹುದು. ಅನುಮಾನ ಮಾತ್ರ ಕೆಳಗೆ ಮಲಗಿದವರ ಮೇಲೆ! ಆದ್ದರಿಂದ ಪಟ್ಟಿಗೆ ‘ಕೊಡದೆ ಇರುವ ಜಾಗ’ ಎಂಬ ಒಂದು ಹಾಳೆ ಬೇಕು. ‘ಅಟ್ಟ ಮತ್ತು ಅದರೊಳಗಿನ ಕಾಯಿ ಮಾಲೀಕರ ಸ್ವಾಧೀನ. ಬೀಗದ ಕೈ ಮಾಲೀಕರಲ್ಲಿದೆ. ಬಾಡಿಗೆದಾರರಿಗೆ ಹೊಣೆಯಿಲ್ಲ. ಕಾಯಿ ಇಳಿಸಲು ಎರಡು ದಿನ ಮುಂಚೆ ತಿಳಿಸಿ ಬರತಕ್ಕದ್ದು’ – ಇಷ್ಟು ಬರೆದರೆ ಸಾಕು. ಯಜಮಾನರು ಬೀಗ ಹಾಕಿಟ್ಟುಕೊಂಡ ಬೀರು, ದೇವರ ಕೋಣೆಯ ಪೆಟ್ಟಿಗೆ ಇದ್ದರೆ ಅದೂ ಇದೇ ಹಾಳೆಗೆ.

ಕಾನೂನು ಏನನ್ನುತ್ತದೆ

1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೇ ಕಲಮು ಬಾಡಿಗೆದಾರರ ಕರ್ತವ್ಯ ಹೇಳುತ್ತದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಪಡೆದ ಸ್ಥಿತಿಯಲ್ಲೇ ಮನೆ ಹಿಂತಿರುಗಿಸಬೇಕು. ಆದರೆ ವಾಡಿಕೆಯ ಬಳಕೆಯಿಂದ ಆಗುವ ಸವೆತಕ್ಕೂ, ಮನುಷ್ಯನ ಕೈಮೀರಿದ ಅನಾಹುತಕ್ಕೂ ಹೊಣೆಯಿಲ್ಲ. ‘ಪಡೆದ ಸ್ಥಿತಿ’ ಯಾವುದು ಎಂದು ತೋರಿಸುವ ಕಾಗದವೇ ಈ ಪಟ್ಟಿ.

ಎತ್ತಿಡಬಹುದಾದ ಸಾಮಾನಿಗೆ ಅನ್ವಯಿಸುವುದು 1872ರ ಕರಾರು ಕಾಯಿದೆ. ಅದರ 151ನೇ ಕಲಮಿನ ಪ್ರಕಾರ, ಪರರ ಸಾಮಾನನ್ನು ಸಾಮಾನ್ಯ ವಿವೇಕವುಳ್ಳವನು ತನ್ನ ಸಾಮಾನನ್ನು ನೋಡಿಕೊಳ್ಳುವಷ್ಟು ಎಚ್ಚರಿಕೆಯಿಂದ ನೋಡಿಕೊಳ್ಳಬೇಕು. ಯಜಮಾನರು ಓದಬೇಕಾದ್ದು 150ನೇ ಕಲಮು. ಬಾಡಿಗೆ ಪಡೆದು ಕೊಟ್ಟ ಸಾಮಾನಿನಲ್ಲಿ ಊನವಿದ್ದು ಅದರಿಂದ ಹಾನಿಯಾದರೆ ಕೊಟ್ಟವರೇ ಹೊಣೆ. ‘ಅದು ನನಗೆ ಗೊತ್ತಿರಲಿಲ್ಲ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಶಾಕ್ ಹೊಡೆಯುವ ಗೀಸರನ್ನು ಪಟ್ಟಿಯ ದಿನವೇ ಪರೀಕ್ಷಿಸುವುದು ಯಜಮಾನರ ಹಿತಕ್ಕೂ ಒಳ್ಳೆಯದು ಎನ್ನುವುದು ಇದಕ್ಕೇ.

ರುಜು, ಫೋಟೋ, ಏಳು ದಿನ

ಪಟ್ಟಿ ಎರಡು ಪ್ರತಿ ಇರಬೇಕು. ಪ್ರತಿ ಹಾಳೆಗೂ ಇಬ್ಬರ ರುಜು, ತಾರೀಖು. ಹಾಳೆಗಳಿಗೆ ‘1/7, 2/7’ ಎಂದು ನಂಬರು ಹಾಕಿದರೆ ನಡುವೆ ಹೊಸ ಹಾಳೆ ಸೇರಿಸಲು ಆಗದು. ತಿದ್ದಿದ ಕಡೆ ಇಬ್ಬರೂ ಚಿಕ್ಕ ರುಜು ಹಾಕಬೇಕು. ಕರಾರುಪತ್ರದಲ್ಲಿ ‘ಲಗತ್ತಿಸಿದ ಪಟ್ಟಿಯಂತೆ’ ಎಂಬ ಒಂದು ಸಾಲು ಇರಲೇಬೇಕು, ಇಲ್ಲದಿದ್ದರೆ ಪಟ್ಟಿ ಬೇರೆ, ಕರಾರು ಬೇರೆಯಾಗಿ ಉಳಿಯುತ್ತದೆ.

ಫೋಟೋ ತೆಗೆದರೆ ಎರಡು ಬಗೆಯಲ್ಲಿ ತೆಗೆಯಬೇಕು. ರೂಮಿನ ಮೂಲೆಯಿಂದ ಇಡೀ ರೂಮಿನದು ಒಂದು, ಊನದ ಹತ್ತಿರದ್ದು ಇನ್ನೊಂದು. ಬರೀ ಹರಿದ ರೆಕ್ಸಿನ್ನಿನ ಫೋಟೋ ಯಾವ ಸೋಫಾದ್ದೆಂದು ಯಾರು ಹೇಳಬೇಕು? ಪಕ್ಕದಲ್ಲಿ ಒಂದು ಸ್ಕೇಲೋ ಬೆಂಕಿಪೊಟ್ಟಣವೋ ಇಟ್ಟರೆ ಅಳತೆಯೂ ಸಿಕ್ಕಿತು. ಅದೇ ದಿನ ಒಬ್ಬರಿಗೊಬ್ಬರು ವಾಟ್ಸಾಪಿನಲ್ಲಿ ಕಳಿಸಿಕೊಂಡರೆ ತಾರೀಖಿಗೆ ತಕರಾರಿಲ್ಲ. ಆದರೂ ಫೋಟೋ ಇದೆ ಎಂದು ಕಾಗದ ಬಿಡಬಾರದು. ಮೊಬೈಲಿನ ಫೋಟೋವನ್ನು ಕೋರ್ಟಿಗೆ ಸಾಕ್ಷ್ಯವಾಗಿ ಹಾಕಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಕಾರ ಪ್ರಮಾಣಪತ್ರ ಜತೆಗಿರಬೇಕು. ಇಬ್ಬರ ರುಜು ಇರುವ ಕಾಗದದ ವ್ಯವಹಾರ ಅದಕ್ಕಿಂತ ಸರಳ.

ಇನ್ನೊಂದು ಸಾಲು ಕೊನೆಯಲ್ಲಿ ಸೇರಿಸಿಕೊಳ್ಳಬೇಕು. ‘ಏಳು ದಿನದೊಳಗೆ ಕಂಡುಬಂದ ಊನವನ್ನು ಬರಹದಲ್ಲಿ ತಿಳಿಸಿದರೆ ಪಟ್ಟಿಗೆ ಸೇರಿಸತಕ್ಕದ್ದು.’ ಕೆಲವು ಊನ ಎರಡು ಗಂಟೆಯಲ್ಲಿ ಕಾಣುವುದಿಲ್ಲ. ಟೀಪಾಯಿಯ ಕುಟ್ಟೆ ಹುಳದ ಪುಡಿ, ರಾತ್ರಿಯೆಲ್ಲ ನಿಲ್ಲದೆ ಓಡುವ ಫ್ರಿಜ್ಜು, ಮಳೆ ಬಂದಾಗ ಬೀರುವಿನ ಹಿಂದೆ ಇಳಿಯುವ ನೀರು – ಇವಕ್ಕೆ ಒಂದು ವಾರವಾದರೂ ಬೇಕು.

ಹನ್ನೊಂದು ತಿಂಗಳ ಕರಾರನ್ನು ಮತ್ತೆ ಮತ್ತೆ ಹೊಸದು ಮಾಡುವುದು ನಮ್ಮಲ್ಲಿ ವಾಡಿಕೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರು ನೋಂದಣಿ ಆಗಲೇಬೇಕು ಎಂಬುದು ಅದಕ್ಕೆ ಕಾರಣ. ಕರಾರು ಹೊಸದಾದಾಗ ಪಟ್ಟಿ ಹಳೆಯದಾಗಿಯೇ ಉಳಿದುಬಿಡುತ್ತದೆ. ‘ಹಿಂದಿನ ಪಟ್ಟಿಯೇ ಮುಂದುವರಿದಿದೆ, ಈ ಬದಲಾವಣೆ ಹೊರತು’ ಎಂದು ಪ್ರತಿ ಸಲವೂ ಬರೆಯಬೇಕು. ನಡುವೆ ಕೆಟ್ಟ ಮಿಕ್ಸಿ ಹೋಗಿ ಹೊಸದು ಬಂದಿದ್ದರೆ, ತಂದವರು ಯಾರು, ಹೋಗುವಾಗ ಅದು ಯಾರಿಗೆ ಎಂಬುದು ಅಲ್ಲಿಯೇ ತೀರ್ಮಾನವಾಗಲಿ.

ಹೋಗುವ ದಿನದ ಲೆಕ್ಕ

ಆ ಬ್ಯಾಂಕಿನವರು ಎರಡು ವರ್ಷದ ಮೇಲೆ ವರ್ಗವಾಗಿ ಹೊರಟರು ಎನ್ನಿ. ಅದೇ ಪಟ್ಟಿ ಹಿಡಿದು, ಅದೇ ಬಾಗಿಲಿನಿಂದ, ಅದೇ ಎಡಗಡೆಯಿಂದ ಸುತ್ತಬೇಕು. ಯಜಮಾನರು ಕೇಳಿದ್ದು ಇಷ್ಟು: ಸೋಫಾ ರೆಕ್ಸಿನ್ ಹೊಸದು ಮಾಡಿಸಲು 6,000, ಹಾಸಿಗೆ ಮೇಲೆ ಚಹಾ ಚೆಲ್ಲಿ ಕಲೆಯಾದ್ದಕ್ಕೆ ಹೊಸ ಹಾಸಿಗೆ 9,000, ಗೀಸರಿನ ಕಾಯಿಲು 1,800, ಒಡೆದ ತರಕಾರಿ ಟ್ರೇ 1,400, ಕಳೆದುಹೋದ ಟಿವಿ ರಿಮೋಟು 350. ಒಟ್ಟು 18,550 ರೂಪಾಯಿ.

ಪಟ್ಟಿ ಬಿಚ್ಚಿ ನೋಡಿದರೆ ಎಡಗೈ ಮೇಲೆ 2 ಇಂಚು ಹರಿದಿರುವುದು ಮೊದಲೇ ದಾಖಲಾಗಿದೆ. ಈಗ ಅದು ಎರಡೂವರೆ ಇಂಚು. ಕೂತು ಏಳುವಾಗ ಹರಿದದ್ದು ಇನ್ನಷ್ಟು ಹರಿಯುವುದು ವಾಡಿಕೆಯ ಸವೆತ. ಆದ್ದರಿಂದ ಸೋಫಾದ ಬಾಬ್ತು ಏನೂ ಇಲ್ಲ. ಗೀಸರಿನ ಸಾಲಿನಲ್ಲಿ ‘ಬಿಸಿಯಾಗಲು 25 ನಿಮಿಷ, ಗೊರಗುಟ್ಟುತ್ತದೆ’ ಎಂದಿದೆ. ಸುಣ್ಣ ಕಟ್ಟಿದ್ದು ಬಾಡಿಗೆದಾರರು ಬರುವ ಮುಂಚೆಯೇ. ಅದೂ ಹೋಯಿತು.

ಹಾಸಿಗೆಯ ಕಲೆ ಪಟ್ಟಿಯಲ್ಲಿ ಇಲ್ಲ. ಅದು ಬಾಡಿಗೆದಾರರದ್ದೇ. ಹಾಗೆಂದು ಹೊಸ ಹಾಸಿಗೆಯ ಬೆಲೆ ಕೇಳುವುದು ನ್ಯಾಯವಲ್ಲ. ಕೊಡುವಾಗ ಹಾಸಿಗೆಗೆ ಮೂರು ವರ್ಷ, ಈಗ ಐದು. ಒಂಬತ್ತು ವರ್ಷ ಬಾಳಿಕೆ ಎಂದು ಇಬ್ಬರೂ ಒಪ್ಪಿದರೆ, 9,000ಕ್ಕೆ ವರ್ಷಕ್ಕೆ ಸಾವಿರದಂತೆ ಐದು ಸಾವಿರ ಆಗಲೇ ಸವೆದುಹೋಗಿದೆ. ಉಳಿದ ಬೆಲೆ 4,000. ಹಾಸಿಗೆ ಹರಿದಿಲ್ಲ, ಮಲಗಲು ಬರುತ್ತದೆ, ಕಲೆ ಮಾತ್ರ. ಅರ್ಧಕ್ಕೆ, ಅಂದರೆ 2,000ಕ್ಕೆ ಮಾತು ಮುಗಿಯಿತು. ಬಾಳಿಕೆ ಇಷ್ಟೇ ವರ್ಷ ಎಂದು ಹೇಳುವ ಕಾಯಿದೆ ಹುಡುಕಬೇಕಿಲ್ಲ. ಇಬ್ಬರು ಒಪ್ಪಿದ್ದೇ ಲೆಕ್ಕ, ಮತ್ತು ಅದನ್ನು ಬರುವ ದಿನವೇ ಪಟ್ಟಿಯಲ್ಲಿ ಬರೆದರೆ ಹೋಗುವ ದಿನ ಸುಲಭ.

ಟ್ರೇ ಮತ್ತು ರಿಮೋಟು ಪೂರ್ತಿ ಬಾಡಿಗೆದಾರರ ತಲೆಗೆ. ಎಣಿಸಿ ಕೊಟ್ಟದ್ದು, ಎಣಿಸಿ ಒಪ್ಪಿಸಬೇಕು. 2,000, 1,400, 350 ಸೇರಿ 3,750 ರೂಪಾಯಿ. 60,000ದಲ್ಲಿ ಅದನ್ನು ಮುರಿದುಕೊಂಡು 56,250 ರೂಪಾಯಿ ವಾಪಸು. ಪಟ್ಟಿ ಇಲ್ಲದಿದ್ದರೆ 14,800 ರೂಪಾಯಿಗೆ ಬಾಯಿಗೆ ಬಾಯಿ ಕೊಟ್ಟು ನಿಲ್ಲಬೇಕಿತ್ತು.

ಪಟ್ಟಿ ಬಾಡಿಗೆದಾರರ ಕಡೆಯದ್ದು ಮಾತ್ರ ಎಂದುಕೊಳ್ಳಬಾರದು. ಟ್ರೇ ಇತ್ತು, ರಿಮೋಟು ಇತ್ತು, ಹಾಸಿಗೆಗೆ ಕಲೆ ಇರಲಿಲ್ಲ ಎಂದು ಯಜಮಾನರ ಪರ ಹೇಳಿದ್ದೂ ಅದೇ ಹಾಳೆ. ಅದು ಹೇಳಲಾರದ್ದೂ ಉಂಟು. ಟ್ರೇ ಒಡೆದದ್ದು ಯಾರ ಕೈಯಿಂದ ಎಂದು ಅದಕ್ಕೆ ಗೊತ್ತಿಲ್ಲ. ಬಂದ ದಿನ ಹೇಗಿತ್ತು ಎಂದಷ್ಟೇ ಗೊತ್ತು. ಹೋಗುವ ದಿನದ ಸ್ಥಿತಿಯನ್ನೂ ಅದರ ಪಕ್ಕದಲ್ಲೇ ಬರೆದು, ಇಬ್ಬರೂ ಇನ್ನೊಮ್ಮೆ ರುಜು ಹಾಕಿ, ‘ಲೆಕ್ಕ ಚುಕ್ತಾ’ ಎಂದು ಬರೆಯಬೇಕು. ಬೀಗದ ಕೈಗಳನ್ನು ಆ ಹಾಳೆಯಂತೆ ಎಣಿಸಿ ಒಪ್ಪಿಸಬೇಕು. ಗೃಹಜ್ಯೋತಿಗೆ ಆ ಮನೆಯ ಆರ್‌ಆರ್ ನಂಬರು ಜೋಡಿಸಿಕೊಂಡಿದ್ದ ಬಾಡಿಗೆದಾರರು ಅದನ್ನು ಬಿಡಿಸಿಕೊಂಡು ಹೋಗಬೇಕು. ಆಮೇಲೆ ಲಾರಿ ಹೊರಡಲಿ.